ಶೈಕ್ಷಣಿಕ ಪ್ರವಾಸ: ಮಕ್ಕಳ ಲೆಕ್ಕ ತಪ್ಪದಂತೆ

ಗದಗದ ಕಡೆಯ ಒಂದು ಪ್ರೌಢಶಾಲೆ ಡಿಸೆಂಬರಿನಲ್ಲಿ ಎಂಟನೇ ತರಗತಿಯ 48 ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುತ್ತದೆ ಎಂದುಕೊಳ್ಳೋಣ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ತೋರಿಸಬೇಕೆಂಬ ಆಸೆ ಎಲ್ಲ ಮೇಷ್ಟ್ರಿಗೂ ಇರುತ್ತದೆ. ಆದರೆ ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ಮೂರನೆಯದನ್ನು ಬಿಟ್ಟರೆ ಬೆಳಕಿರುವಾಗಲೇ ಊರು ಸೇರಬಹುದು, ಚಾಲಕರೂ ದಣಿದಿರುವುದಿಲ್ಲ. ನನ್ನ ಮಟ್ಟಿಗೆ ಐಹೊಳೆಯನ್ನು ಮುಂದಿನ ವರ್ಷಕ್ಕೆ ಇಡುವುದೇ ಸರಿ.

ಮೊದಲ ಕೆಲಸ ಪಾಲಕರ ಒಪ್ಪಿಗೆ ಪತ್ರ. ‘ನನ್ನ ಮಗುವನ್ನು ಕಳಿಸಲು ಒಪ್ಪಿದ್ದೇನೆ’ ಎಂಬ ಒಂದೇ ಸಾಲಿನ ಚೀಟಿ ಸಾಲದು. ಹೋಗುವ ಜಾಗ, ಹೊರಡುವ ಮತ್ತು ಮರಳುವ ಹೊತ್ತು, ಬಸ್ಸು ಯಾವುದು, ದಾರಿಯಲ್ಲಿ ಕೆರೆ ಹೊಳೆ ಎಲ್ಲಿವೆ ಎಂಬುದೆಲ್ಲ ಪತ್ರದಲ್ಲಿರಬೇಕು. ಕೆಳಗೆ ಪಾಲಕರು ತುಂಬಲು ಜಾಗ ಬಿಡಿ: ಎರಡು ಫೋನ್ ನಂಬರು, ಉಬ್ಬಸ, ಮೂರ್ಛೆ, ಬಸ್ಸಿನಲ್ಲಿ ವಾಂತಿ, ನಡೆಯುತ್ತಿರುವ ಔಷಧಿ. ಸಭೆ ಕರೆದು ಓದಿ ಹೇಳಿದ ಮೇಲೆಯೇ ಸಹಿ ಪಡೆಯಬೇಕು. ಆ ಸಹಿಯಿಂದ ಶಿಕ್ಷಕರ ಹೊಣೆ ಕಳೆಯುವುದಿಲ್ಲ. ಯಾವ ಮಗುವಿಗೆ ಏನು ಬೇಕು ಎಂಬುದು ಗೊತ್ತಾಗುತ್ತದೆ, ಅಷ್ಟೆ.

ಇನ್ನು ಮೇಲ್ವಿಚಾರಣೆ. ನಾಲ್ವರು ಶಿಕ್ಷಕರಿದ್ದರೆ ಒಬ್ಬೊಬ್ಬರಿಗೆ ಹನ್ನೆರಡು ಮಕ್ಕಳನ್ನು ಹೆಸರು ಹಿಡಿದು ಒಪ್ಪಿಸಿ. ಹುಡುಗಿಯರ ಗುಂಪಿಗೆ ಶಿಕ್ಷಕಿ ಇರಲಿ. ‘ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳೋಣ’ ಎಂದಲ್ಲಿ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ. ಬಸ್ಸಿನ ನಡುದಾರಿಯಲ್ಲಿ ಓಡಾಡಿ ತಲೆ ಎಣಿಸುವ ರೂಢಿಯೂ ಕೈಕೊಡುತ್ತದೆ, ಏಕೆಂದರೆ ಮಕ್ಕಳು ಸೀಟು ಬದಲಿಸುತ್ತಲೇ ಇರುತ್ತಾರೆ. ಪ್ರವಾಸದ ದಿನಗಳಲ್ಲಿ ಬಾದಾಮಿಯಲ್ಲಿ ಶಾಲಾ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ, ಸಮವಸ್ತ್ರವೂ ಹೆಚ್ಚುಕಡಿಮೆ ಒಂದೇ ಬಗೆಯದು. ಮಗು ಬೇರೆ ಬಸ್ಸು ಹತ್ತಿದರೆ ಅಚ್ಚರಿಯಿಲ್ಲ. ಆದ್ದರಿಂದ ಬಾಗಿಲ ಬಳಿ ನಿಂತು, ಪಟ್ಟಿ ಹಿಡಿದು, ಮುಖ ನೋಡಿ ಹೆಸರು ಕೂಗಿ ಹತ್ತಿಸಬೇಕು. ನಾಲ್ವರೂ ‘ನನ್ನ ಹನ್ನೆರಡು ಸರಿ’ ಎಂದ ಮೇಲಷ್ಟೇ ಬಸ್ಸು ಹೊರಡಲಿ.

ಅತಿ ಹೆಚ್ಚು ಎಚ್ಚರ ಬೇಕಿರುವುದು ನೀರಿನ ಬಳಿ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥವಿದೆ, ಪಟ್ಟದಕಲ್ಲಿನ ಗುಡಿಗಳ ಬದಿಯಲ್ಲೇ ಮಲಪ್ರಭೆ ಹರಿಯುತ್ತದೆ. ಕಾಲು ತೊಳೆಯಲೂ ಇಳಿಯಕೂಡದು ಎಂದು ಮೊದಲೇ ಹೇಳಿ, ದಡದ ಕಡೆ ಒಬ್ಬ ಶಿಕ್ಷಕರು ನೀರಿಗೆ ಬೆನ್ನು ಮಾಡಿ, ಮಕ್ಕಳತ್ತ ಮುಖಮಾಡಿ ನಿಲ್ಲಬೇಕು. ಅವರ ಹನ್ನೆರಡು ಮಕ್ಕಳನ್ನು ಅಷ್ಟು ಹೊತ್ತು ಇನ್ನೊಬ್ಬರಿಗೆ ಪಟ್ಟಿ ಸಮೇತ ವಹಿಸಿಕೊಡಬೇಕು. ಗುಹೆಗಳ ಮೆಟ್ಟಿಲಲ್ಲಿ ಕೋತಿಗಳು ತಿಂಡಿಯ ಚೀಲಕ್ಕೆ ಬಾಯಿ ಹಾಕುತ್ತವೆ. ಮಕ್ಕಳು ಗಾಬರಿಯಿಂದ ಓಡಿ ಬೀಳುತ್ತಾರೆ, ಚೀಲ ಬಸ್ಸಿನಲ್ಲೇ ಇರಲಿ.

ಸಾರಿಗೆ ನಿಗಮದ ಬಸ್ಸನ್ನು ಪ್ರಾಸಂಗಿಕ ಕರಾರಿನ ಮೇಲೆ ಪಡೆಯಬಹುದು. ಖಾಸಗಿ ಬಸ್ಸಾದರೆ ಎಫ್‌ಸಿ, ವಿಮೆ, ಪರ್ಮಿಟ್, ಚಾಲಕರ ಲೈಸೆನ್ಸ್ ಪ್ರತಿಗಳನ್ನು ಮುಂಚೆಯೇ ತರಿಸಿ ದಿನಾಂಕ ನೋಡಿ. ತುರ್ತು ಬಾಗಿಲನ್ನು ನೀವೇ ಒಮ್ಮೆ ತೆಗೆದು ನೋಡಿ. ಅದರ ಮುಂದೆ ಚೀಲ ಪೇರಿಸಿದ್ದರೆ ಇಳಿಸಿದ ಮೇಲೆಯೇ ಮಕ್ಕಳನ್ನು ಹತ್ತಿಸಿ.