ಸಂಜೆ ಆರೂವರೆಗೆ ರಿಹರ್ಸಲ್

ಊರು ಬಿಟ್ಟು ಬೆಂಗಳೂರಿಗೆ ಬಂದವರಿಗೆ ಜನ ಸಿಗುವ ಜಾಗಗಳಿಗೇನೂ ಕೊರತೆಯಿಲ್ಲ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಪಕ್ಷಿವೀಕ್ಷಕರು ಸೇರುತ್ತಾರೆ. ಶನಿವಾರ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ನೂರಾರು ಮಂದಿ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುತ್ತಾರೆ. ಸಂಜೆಯಾದರೆ ಬಡಾವಣೆಗೆ ಎರಡರಂತೆ ಶಟಲ್ ಕೋರ್ಟುಗಳು ಬಾಡಿಗೆಗೆ ತೆರೆದಿರುತ್ತವೆ. ತಮ್ಮ ಸೀಮೆಯವರೇ ಬೇಕೆನ್ನುವವರಿಗೆ ಮಲ್ಲೇಶ್ವರದಲ್ಲಿ ಹವ್ಯಕ ಮಹಾಸಭೆಯಿದೆ, ವಸಂತನಗರದಲ್ಲಿ ಕೊಡವ ಸಮಾಜವಿದೆ. ಇವೆಲ್ಲ ಒಳ್ಳೆಯವೇ. ಆದರೆ ಪಾರ್ಕಿನಲ್ಲಿ ಈ ವಾರ ಪಕ್ಕ ಕೂತವರು ಮುಂದಿನ ವಾರ ಬರುತ್ತಾರೆಂಬ ಖಾತ್ರಿಯಿಲ್ಲ. ನೀವು ಹೋಗದಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಇನ್ನು ಸಮಾಜದ ಭವನಕ್ಕೆ ಹೋದರೆ ಸ್ನೇಹಿತರಿಗಿಂತ ಮೊದಲು ದೂರದ ನೆಂಟರು ಸಿಗುತ್ತಾರೆ; ಅವರು ಕೇಳುವ ಎರಡನೇ ಪ್ರಶ್ನೆ ಮದುವೆಯದು.

ಅದೇ ಮುಖಗಳು ವಾರಕ್ಕೆ ಐದಾರು ಸಂಜೆ ಎದುರಾಗಬೇಕು, ನಡುವೆ ಒಂದು ಕೆಲಸ ಇರಬೇಕು, ನಾವು ಹೋಗದಿದ್ದರೆ ಆ ಕೆಲಸ ಕೆಡಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗ ಬೆಂಗಳೂರಿನಲ್ಲಿ ಯಾವುದೆಂದು ಕೇಳಿದರೆ ನಾನು ಹವ್ಯಾಸಿ ನಾಟಕ ತಂಡ ಎನ್ನುತ್ತೇನೆ. ನಟನೆ ಗೊತ್ತಿಲ್ಲದವರಿಗೂ ಇದೇ ಮಾತು ಹೇಳುತ್ತೇನೆ.

ಈ ತಂಡಗಳು ಕಟ್ಟಿಕೊಂಡದ್ದೇ ಕಚೇರಿಯಿಂದ ಹೊರಬಿದ್ದವರ ಸಂಜೆಗಳ ಮೇಲೆ. ಐಟಿಐ, ಎಚ್ಎಎಲ್, ಬಿಇಎಲ್, ಎಚ್ಎಂಟಿ ಕಾರ್ಖಾನೆಗಳ ಕನ್ನಡ ಸಂಘ, ಲಲಿತಕಲಾ ಸಂಘಗಳಲ್ಲಿ, ಬ್ಯಾಂಕು ಮತ್ತು ಎಜೀಸ್ ಆಫೀಸಿನಲ್ಲಿ ನಾಟಕದ ಹುಚ್ಚು ಹಿಡಿದವರು ದಂಡಿಯಾಗಿದ್ದರು. ಅವರಲ್ಲಿ ಎಷ್ಟೋ ಜನ ಬೇರೆ ಜಿಲ್ಲೆಗಳಿಂದ ನೌಕರಿಗೆ ಬಂದು ಬಾಡಿಗೆ ಕೋಣೆಯಲ್ಲಿದ್ದವರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಲಂಕೇಶರ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ ಮತ್ತು ‘ಈಡಿಪಸ್’ ಆಡಿಸಿದ ಮೇಲೆ ಆ ಹುಚ್ಚಿಗೆ ಹೊಸ ದಿಕ್ಕು ಸಿಕ್ಕಿತು. ಆ ದಶಕದಲ್ಲೇ ನಟರಂಗ, ಬೆನಕ, ಸಮುದಾಯದಂಥ ತಂಡಗಳು ಕಣ್ಣಿಗೆ ಬಿದ್ದವು. ಇಂದಿಗೂ ರಿಹರ್ಸಲ್ ಶುರುವಾಗುವುದು ಸಂಜೆ ಆರೂವರೆ, ಏಳಕ್ಕೆ; ಮುಗಿಯುವುದು ಒಂಬತ್ತೂವರೆಗೆ. ಕಾರ್ಖಾನೆಯ ಶಿಫ್ಟು ಹೋಗಿ ಸಾಫ್ಟ್‌ವೇರ್ ಕಂಪನಿ ಬಂದರೂ ಈ ವೇಳಾಪಟ್ಟಿ ಬದಲಾಗಿಲ್ಲ.

ತಂಡ ಹುಡುಕುವ ಬಗೆ ಸುಲಭ: ನಾಟಕ ನೋಡುವುದು. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ನಾಟಕ ನಡೆಯುತ್ತ ಬಂದಿದೆ. ಸಂಜೆ ಏಳೂವರೆಗೆ ಬಾಗಿಲು ಮುಚ್ಚಿದರೆ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಜೆ.ಸಿ. ರಸ್ತೆಯ ಆಸುಪಾಸಿನಲ್ಲೇ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ ಮತ್ತು ಕನ್ನಡ ಭವನದ ನಯನ ಸಭಾಂಗಣ ಇವೆ. ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧವಿದೆ. ಯಾವತ್ತು ಎಲ್ಲಿ ಏನಿದೆ ಎಂದು ತಿಳಿಯಲು ದಿನಪತ್ರಿಕೆಯ ‘ನಗರದಲ್ಲಿ ಇಂದು’ ಪಟ್ಟಿ ಸಾಕು.

ನಾಟಕ ಮುಗಿದ ಕೂಡಲೇ ಎದ್ದು ಹೋಗಬೇಡಿ. ಕನ್ನಡ ರಂಗಭೂಮಿಯಲ್ಲಿ ಒಂದು ಒಳ್ಳೆಯ ರೂಢಿಯಿದೆ. ಪರದೆ ಬಿದ್ದ ಮೇಲೆ ಇಡೀ ತಂಡ ವೇದಿಕೆಗೆ ಬಂದು ಹೆಸರು, ಪಾತ್ರ ಹೇಳಿಕೊಳ್ಳುತ್ತದೆ. ಬೆಳಕು, ಪ್ರಸಾಧನ, ರಂಗಸಜ್ಜಿಕೆಯವರನ್ನೂ ಕರೆಯುತ್ತಾರೆ. ಆ ಹೆಸರುಗಳಿಗೆ ಕಿವಿಗೊಡಿ, ಕೈಗೆ ಸಿಕ್ಕ ಕರಪತ್ರ ಇಟ್ಟುಕೊಳ್ಳಿ. ಅದೇ ತಂಡದ ಇನ್ನೊಂದು ನಾಟಕಕ್ಕೆ ಹೋದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೋದ ಸಲ ನಾಯಕನಾಗಿದ್ದವನು ಈ ಸಲ ಪರಿಕರದ ಜವಾಬ್ದಾರಿ ಹೊತ್ತಿದ್ದರೆ, ಹೋದ ಸಲ ಟಿಕೆಟ್ ಹರಿದವಳು ಈ ಸಲ ಪಾತ್ರ ಮಾಡಿದ್ದರೆ ಅಲ್ಲಿ ಹೊಸಬರಿಗೆ ಜಾಗವಿದೆ ಎಂದರ್ಥ. ಪ್ರತಿ ನಾಟಕದಲ್ಲೂ ಅದೇ ಇಬ್ಬರು ಮೂವರೇ ಮೆರೆಯುತ್ತಿದ್ದರೆ ಉಳಿದವರೆಲ್ಲ ಕುರ್ಚಿ ಎತ್ತಿಡಲು ಇದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ‘ಅಭಿನಯ ತರಬೇತಿ’ ಎಂಬ ಫಲಕ ಹಾಕಿಕೊಂಡು, ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಅವಕಾಶ ಕೊಡಿಸುವ ಆಸೆ ತೋರಿಸಿ ದೊಡ್ಡ ಮೊತ್ತ ಕೇಳುವ ಜಾಗಗಳು ಬೇರೆಯೇ ವ್ಯಾಪಾರ. ಹವ್ಯಾಸಿ ತಂಡದ ಶಿಬಿರಕ್ಕೂ ಶುಲ್ಕ ಇರಬಹುದು, ಆದರೆ ಅದು ಜಾಗದ ಬಾಡಿಗೆ, ಚಹಾ, ನಿರ್ದೇಶಕರ ಸಂಭಾವನೆಗೆ ಆಗುವಷ್ಟು. ಕೊನೆಯಲ್ಲಿ ಶಿಬಿರಾರ್ಥಿಗಳೇ ಒಂದು ನಾಟಕ ಆಡುತ್ತಾರೆ. “ಶಿಬಿರ ಮುಗಿದ ಮೇಲೆ ಯಾವ ನಾಟಕ, ಎಲ್ಲಿ ಪ್ರದರ್ಶನ?” ಎಂದು ಮೊದಲೇ ಕೇಳಿ. ಉತ್ತರ ತೊದಲಿದರೆ ದುಡ್ಡು ಕೊಡಬೇಡಿ.

ಇನ್ನೊಂದು ಲೆಕ್ಕವನ್ನು ಜನ ಮರೆಯುತ್ತಾರೆ. ತಂಡದ ಹೆಸರು ನೋಡಿ ಸೇರುವುದಕ್ಕಿಂತ ರಿಹರ್ಸಲ್ ನಡೆಯುವ ಜಾಗ ನೋಡಿ ಸೇರುವುದು ಜಾಣತನ. ಹೊಸಬರು ಅರ್ಧಕ್ಕೇ ಬಿಡುವುದು ಬಹುತೇಕ ರಾತ್ರಿ ಮನೆ ಮುಟ್ಟುವ ಕಷ್ಟಕ್ಕೆ. ವೈಟ್‌ಫೀಲ್ಡಿನಲ್ಲಿ ಕೆಲಸ, ಯಲಹಂಕದಲ್ಲಿ ಮನೆ, ಬಸವನಗುಡಿಯಲ್ಲಿ ರಿಹರ್ಸಲ್ ಎಂದರೆ ಎಂಥ ಉತ್ಸಾಹಿಯೂ ಎರಡು ವಾರಕ್ಕೆ ಸುಸ್ತಾಗುತ್ತಾರೆ. ಹೆಣ್ಣುಮಕ್ಕಳನ್ನು ರಾತ್ರಿ ಯಾರು, ಹೇಗೆ ಮನೆಗೆ ಬಿಡುತ್ತಾರೆ ಎಂಬುದಕ್ಕೆ ಒಳ್ಳೆಯ ತಂಡಗಳಲ್ಲಿ ಮೊದಲ ದಿನವೇ ಒಂದು ಏರ್ಪಾಟು ಇರುತ್ತದೆ. ಇದನ್ನು ಸಂಕೋಚವಿಲ್ಲದೆ ವಿಚಾರಿಸಬೇಕು.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಗೋಕಾಕದ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಡಿಪ್ಲೊಮಾ ಟ್ರೇನಿ. ಐದೂವರೆಗೆ ಕೆಲಸ ಬಿಟ್ಟರೆ ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜಿಗೆ ಬಂದು, ಅಲ್ಲಿಂದ ಹನುಮಂತನಗರದ ಶಾಲೆಯೊಂದರ ಸಭಾಂಗಣ ಮುಟ್ಟುತ್ತಾನೆ. ತಂಡ ‘ಜೋಕುಮಾರಸ್ವಾಮಿ’ ಎತ್ತಿಕೊಂಡಿದೆ. ಮೊದಲ ವಾರ ಬರೀ ರೀಡಿಂಗ್. ಎಲ್ಲರೂ ವರ್ತುಲವಾಗಿ ನೆಲದ ಮೇಲೆ ಕೂತು ಓದುತ್ತಾರೆ. ನಿರ್ದೇಶಕರು ಇಂದು ಒಬ್ಬರಿಗೆ ಕೊಟ್ಟ ಪಾತ್ರವನ್ನು ನಾಳೆ ಇನ್ನೊಬ್ಬರ ಬಾಯಲ್ಲಿ ಓದಿಸುತ್ತಾರೆ. ನಮ್ಮ ಹುಡುಗನಿಗೆ ಸಿಕ್ಕದ್ದು ಮೇಳದ ಕೊನೆಯ ಸಾಲು. ಹೊಸಬರಿಗೆ ಸಿಗುವುದು ಅದೇ, ಬೇಸರಪಡಬೇಕಾದ್ದಿಲ್ಲ. ಮೇಳದವರು ದಿನವೂ ಬರಲೇಬೇಕು, ಒಟ್ಟಿಗೆ ಹಾಡಬೇಕು, ಒಟ್ಟಿಗೆ ಕುಣಿಯಬೇಕು. ಗೌಡನ ಪಾತ್ರಧಾರಿ ತನ್ನ ದೃಶ್ಯವಿಲ್ಲದ ದಿನ ಮನೆಯಲ್ಲಿರಬಹುದು. ಗೆಳೆತನ ಬೆಳೆಯುವುದು ಮೇಳದಲ್ಲಿ.

ಕಂಬಾರರ ಆ ನಾಟಕದ ಮಾತು ಬೆಳಗಾವಿ ಸೀಮೆಯದು. ಬೆಂಗಳೂರಿನ ನಟರಿಗೋ ಮಾತಿನ ಕೊನೆಗೊಂದು ‘ರೀ’ ಅಂಟಿಸಿದರೆ ಅದು ಬೆಳಗಾವಿ ಕನ್ನಡವಾಗುತ್ತದೆಂಬ ಗಟ್ಟಿ ನಂಬಿಕೆ. ಮೂರನೇ ದಿನ ಹುಡುಗ ತಡೆಯಲಾರದೆ ಹೇಳುತ್ತಾನೆ, “ಸರ್, ಹಂಗ ಅನ್ನಂಗಿಲ್ರಿ.” ಅಲ್ಲಿಂದ ಅವನೇ ಭಾಷೆ ತಿದ್ದುವವನು. ಚಹಾದ ಬಿಡುವಿನಲ್ಲಿ ಬಸಣ್ಣನ ಪಾತ್ರಧಾರಿ, ವಯಸ್ಸಿನಲ್ಲಿ ಇಮ್ಮಡಿಯಾದ ಬ್ಯಾಂಕ್ ಮ್ಯಾನೇಜರ್, ಅವನ ಪಕ್ಕ ಕೂತು ಒಂದೊಂದೇ ಮಾತು ಹೇಳಿಸಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಹುಡುಗನ ಯಾವ ಉಚ್ಚಾರಣೆಗೆ ಸಹೋದ್ಯೋಗಿಗಳು ನಗುತ್ತಿದ್ದರೋ ಅದಕ್ಕೆ ಇಲ್ಲಿ ಗಿರಾಕಿ ಇದ್ದಾರೆ. ಎರಡನೇ ವಾರ ಬ್ಲಾಕಿಂಗ್ ಶುರುವಾಗಿ ಯಾರು ಎಲ್ಲಿ ನಿಲ್ಲಬೇಕು, ಎತ್ತ ಚಲಿಸಬೇಕು ಎಂಬುದು ಗೊತ್ತಾಗುವ ಹೊತ್ತಿಗೆ ‘ಸರ್’ ಹೋಗಿ ‘ಅಣ್ಣ’, ‘ಅಕ್ಕ’ ಬಂದಿರುತ್ತದೆ.

ನಾಲ್ಕನೇ ವಾರ ಪುಸ್ತಕ ಕೆಳಗಿಡಬೇಕು. ತಂಡದೊಳಗೆ ಜಗಳಗಳು ಆಗುವುದು ಆಗ. ಮಾತು ಬಾರದವರ ಮೇಲೆ ನಿರ್ದೇಶಕರ ಕೂಗಾಟ, ತಡವಾಗಿ ಬರುವವರ ಮೇಲೆ ಬೇಗ ಬಂದವರ ಮುನಿಸು. ಇದೇ ವಾರ ಹುಡುಗನಿಗೆ ಎರಡು ದಿನ ರಾತ್ರಿ ಪಾಳಿ ಬೀಳುತ್ತದೆ. ಹೇಳದೆ ತಪ್ಪಿಸಿಕೊಂಡರೆ ಅವನ ಜಾಗಕ್ಕೆ ಬೇರೊಬ್ಬರು ಬಂದು ನಿಲ್ಲುತ್ತಾರೆ, ಅದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಮುಂಚೆಯೇ ತಿಳಿಸಿದರೆ ಅವನನ್ನು ಬಿಟ್ಟು ಬೇರೆ ದೃಶ್ಯ ಎತ್ತಿಕೊಳ್ಳುತ್ತಾರೆ. ತಂಡದಲ್ಲಿ ಒಬ್ಬರ ಬೆಲೆ ಗೊತ್ತಾಗುವುದು ಪ್ರತಿಭೆಗಿಂತ ಇಂಥ ಒಂದು ಫೋನ್ ಕರೆಯಿಂದ.

ಪ್ರದರ್ಶನದ ದಿನ ಬೆಳಿಗ್ಗೆ ಟೆಂಪೊದಲ್ಲಿ ಸಾಮಾನು ಬರುತ್ತದೆ. ರಂಗಸಜ್ಜಿಕೆ ಏಳುತ್ತದೆ, ಬಾಡಿಗೆಗೆ ತಂದ ದೀಪಗಳನ್ನು ಕಟ್ಟಿ ದಿಕ್ಕು ಹೊಂದಿಸುತ್ತಾರೆ. ನಾಟಕಕ್ಕೆ ಪಡವಲಕಾಯಿ ಬೇಕೇ ಬೇಕು. ಅದನ್ನು ಮಾರುಕಟ್ಟೆಯಿಂದ ತರುವ ಹೊಣೆ ನಮ್ಮ ಹುಡುಗನದು. ಮಧ್ಯಾಹ್ನ ಒಂದು ತಾಂತ್ರಿಕ ರಿಹರ್ಸಲ್, ನಾಲ್ಕರಿಂದ ಬಣ್ಣ. ನಾಟಕ ಮುಗಿದ ಮೇಲೆ ಅಭಿನಂದನೆಗೆ ಬಂದವರ ಜೊತೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಸಭಾಂಗಣ ಬಿಟ್ಟುಕೊಡಬೇಕು. ಮುಖದ ಬಣ್ಣ ಪೂರ್ತಿ ಅಳಿಸುವ ಮೊದಲೇ ಎಲ್ಲರೂ ಹಲಗೆ ಹೊರುತ್ತಾರೆ. ಯಾರಿಗೂ ಸಂಬಳವಿಲ್ಲ. ಟಿಕೆಟ್ ಹಣ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಸಿಕ್ಕರೆ ಅದು, ಇಷ್ಟರಲ್ಲಿ ಬಾಡಿಗೆ, ದೀಪ, ಉಡುಪಿನ ಖರ್ಚು ಸರಿತೂಗಿದರೆ ಪುಣ್ಯ. ಆದ್ದರಿಂದಲೇ ಪ್ರತಿ ಸದಸ್ಯರಿಗೂ ಒಂದಿಷ್ಟು ಟಿಕೆಟ್ ಮಾರಲು ಕೊಡುತ್ತಾರೆ. ಊರಿಗೆ ಹೊಸಬನಾದವನು ಯಾರಿಗೆ ಮಾರಬೇಕು? ಮೆಸ್ಸಿನವರಿಗೆ, ಪಕ್ಕದ ಕೋಣೆಯವನಿಗೆ, ಕಾರ್ಖಾನೆಯಲ್ಲಿ ಇದುವರೆಗೆ ತಲೆಯಾಡಿಸಿಯಷ್ಟೇ ಗೊತ್ತಿದ್ದವರಿಗೆ. ಅವರಲ್ಲಿ ಒಂದಿಬ್ಬರು ಬಂದೇ ಬರುತ್ತಾರೆ.

ಅಪಾಯ ಇರುವುದು ಮರುದಿನದಿಂದ. ಒಂದೂವರೆ ತಿಂಗಳು ಎಡೆಬಿಡದೆ ಇದ್ದ ಸಂಜೆಯ ಕೆಲಸ ಒಮ್ಮೆಲೇ ಇಲ್ಲವಾಗುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಲ್ಕು ದಿನ ಫೋಟೊ ಹರಿದಾಡಿ ಸದ್ದಡಗುತ್ತದೆ. ಹೊಸಬರಲ್ಲಿ ಬಹಳ ಜನ ಇಲ್ಲಿ ಕಳಚಿಕೊಳ್ಳುತ್ತಾರೆ, ತಂಡಕ್ಕೆ ತಾನು ಬೇಡವಾದೆ ಎಂದುಕೊಳ್ಳುತ್ತಾರೆ. ಹಳಬರಿಗೆ ಮಾತ್ರ ಗೊತ್ತು, ಮರುಪ್ರದರ್ಶನದ ಮಾತು ಯಾವಾಗ ಬೇಕಾದರೂ ಬರುತ್ತದೆಂದು. ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಒಂದು ಪ್ರದರ್ಶನ ಸಿಕ್ಕರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಒಟ್ಟಿಗೆ ಹೋಗಿಬರಬೇಕು; ಆರು ವಾರದ ರಿಹರ್ಸಲ್ಲಿನಲ್ಲಿ ಆಗದ ಸಲಿಗೆ ಆ ಒಂದು ಪಯಣದಲ್ಲಿ ಆಗುತ್ತದೆ. ಅಲ್ಲಿಯವರೆಗೆ ಮಾಡಬಹುದಾದ ಕೆಲಸವೆಂದರೆ ತಂಡದ ಒಬ್ಬರನ್ನಾದರೂ ಕರೆದುಕೊಂಡು ಬೇರೆ ತಂಡದ ನಾಟಕಕ್ಕೆ ಹೋಗುವುದು. ನಾಟಕದವರಿಗೆ ಬೇರೆಯವರ ನಾಟಕ ನೋಡಿ ಹೊರಗೆ ನಿಂತು ಟೀಕಿಸುವಷ್ಟು ಪ್ರಿಯವಾದದ್ದು ಬೇರೆ ಇಲ್ಲ, ಆ ಟೀಕೆ ಹತ್ತಿರದ ಹೋಟೆಲು ಬಾಗಿಲು ಹಾಕುವವರೆಗೂ ನಡೆಯುತ್ತದೆ.

ರಾತ್ರಿ ಪಾಳಿಯವರಿಗೆ, ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುವ ನೌಕರಿಯವರಿಗೆ ಪಾತ್ರ ಆಗಿಬರುವುದಿಲ್ಲ. ಅಂಥವರು ಬೆಳಕಿನ ವಿಭಾಗ ಕೇಳಬಹುದು. ಬೆಳಕು ನಿರ್ವಹಿಸುವವರಿಗೆ ಪೂರ್ಣ ರಿಹರ್ಸಲ್‌ಗಳು ಶುರುವಾದ ಮೇಲೆ, ಕೊನೆಯ ಎರಡು ವಾರದಲ್ಲಿ ನಾಲ್ಕೈದು ಸಲ ಕೂತು ನಾಟಕ ನೋಡಿ, ಯಾವ ಮಾತಿಗೆ ಯಾವ ದೀಪ ಎಂದು ಗುರುತು ಹಾಕಿಕೊಂಡರೆ ನಡೆಯುತ್ತದೆ. ಕೇಬಲ್ ಸುತ್ತುವುದರಿಂದ ಕಲಿಕೆ ಆರಂಭ. ಕಲಿಸುವವರು ಸಿಡುಕರೇ ಇರುತ್ತಾರೆ, ಆದರೆ ಕೈಕೆಲಸಕ್ಕೆ ಜನ ಸದಾ ಕಡಿಮೆ ಇರುವುದರಿಂದ ಬಂದವರನ್ನು ಕಳಿಸುವುದಿಲ್ಲ. ಒಬ್ಬ ಒಳ್ಳೆಯ ಬೆಳಕಿನವನಿಗೆ ಒಂದೇ ತಂಡವೆಂಬುದಿಲ್ಲ. ಎರಡು ವರ್ಷ ಕಳೆಯುವುದರೊಳಗೆ ನಾಲ್ಕಾರು ತಂಡಗಳಿಂದ ಕರೆ ಬರತೊಡಗುತ್ತದೆ, ಆಗ ಅವನು ಎಷ್ಟಕ್ಕೆ ಇಲ್ಲ ಎನ್ನಬೇಕೆಂದು ಲೆಕ್ಕ ಹಾಕಬೇಕಾಗುತ್ತದೆ.