ಅರವತ್ತರಲ್ಲಿ ಇಪ್ಪತ್ಮೂರು ಸಲ

ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಒದೆಯುವ ಜಾಗ ಗೋಲಿನಿಂದ 11 ಮೀಟರ್ ದೂರದಲ್ಲಿದೆ. ಎರಡು ಕಂಬಗಳ ನಡುವಿನ ಅಗಲ 7.32 ಮೀಟರ್. ಬಲವಾಗಿ ಒದ್ದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಗೆರೆ ದಾಟಿರುತ್ತದೆ. ಅದು ಯಾವ ಕಡೆ ಹೊರಟಿತೆಂದು ನೋಡಿಕೊಂಡು ಆಮೇಲೆ ಹಾರುವ ಗೋಲ್‌ಕೀಪರ್‌ಗೆ ಮೂಲೆಯ ಚೆಂಡು ಸಿಗುವುದಿಲ್ಲ. ಆದ್ದರಿಂದ ಕಾಲು ಚೆಂಡಿಗೆ ತಾಗುವ ಹೊತ್ತಿಗೆ ಅವನು ಒಂದು ಬದಿಯನ್ನು ಆರಿಸಿಕೊಂಡಾಗಿರುತ್ತದೆ. ಒದೆಯುವವನೂ ಅಷ್ಟರಲ್ಲಿ ಆರಿಸಿಕೊಂಡಿರುತ್ತಾನೆ. ಇಬ್ಬರು ಆಟಗಾರರು, ಇಬ್ಬರ ಮುಂದೆಯೂ ಎರಡೆರಡು ದಾರಿ, ಒಬ್ಬನ ತೀರ್ಮಾನ ಇನ್ನೊಬ್ಬನಿಗೆ ಗೊತ್ತಿಲ್ಲ. ಗೇಮ್ ಥಿಯರಿಯ ಪಾಠಕ್ಕೆ ಮೈದಾನದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸ್ಪೇನಿನ ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೊಸ್-ವೆರ್ತಾ 1995ರಿಂದ 2000ರವರೆಗೆ ಮುಖ್ಯವಾಗಿ ಯುರೋಪಿನ ಲೀಗ್‌ಗಳಲ್ಲಿ ಒದ್ದ 1,417 ಪೆನಾಲ್ಟಿಗಳನ್ನು ಒಂದೊಂದಾಗಿ ದಾಖಲಿಸಿ, 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರತಿ ಆಟಗಾರನಿಗೂ ಸಲೀಸಾಗಿ, ಜೋರಾಗಿ ಒದೆಯಲು ಬರುವ ಒಂದು ಬದಿ ಇರುತ್ತದೆ. ಬಲಗಾಲಿನವನಿಗೆ ಅದು ಅವನ ಎಡಬದಿ, ಎಡಗಾಲಿನವನಿಗೆ ಬಲಬದಿ. ಅದನ್ನು ಇಲ್ಲಿ ಸಹಜ ಬದಿ ಎಂದು ಕರೆಯೋಣ, ಇನ್ನೊಂದನ್ನು ಎದುರು ಬದಿ ಎನ್ನೋಣ. ನೂರು ಒದೆತಗಳಲ್ಲಿ ಎಷ್ಟು ಗೋಲಾದವು ಎಂಬುದನ್ನು ನಾಲ್ಕು ಮನೆಗಳಲ್ಲಿ ಬರೆದಾಗ ಸಿಕ್ಕ ಅಂಕಿಗಳು, ದಶಮಾಂಶ ಬಿಟ್ಟರೆ, ಹೀಗಿವೆ:

| | ಕೀಪರ್ ಎದುರು ಬದಿಗೆ | ಕೀಪರ್ ಸಹಜ ಬದಿಗೆ |
|---|---|---|
| ಒದೆತ ಎದುರು ಬದಿಗೆ | 58 | 95 |
| ಒದೆತ ಸಹಜ ಬದಿಗೆ | 93 | 70 |

ಕೀಪರ್ ಸರಿಯಾದ ಬದಿಗೆ ಹಾರಿದರೂ ಸಹಜ ಬದಿಯ ಒದೆತ ನೂರಕ್ಕೆ 70 ಸಲ ಒಳಗೆ ಹೋಗುತ್ತದೆ. ಕೀಪರ್ ಪೂರ್ತಿ ತಪ್ಪು ಬದಿಗೆ ಹಾರಿದರೂ ನೂರಕ್ಕೆ ನೂರು ಬರುವುದಿಲ್ಲ, ಏಕೆಂದರೆ ಕೆಲವು ಚೆಂಡುಗಳು ಕಂಬಕ್ಕೆ ಬಡಿಯುತ್ತವೆ, ಕೆಲವು ಹೊರಗೇ ಹೋಗುತ್ತವೆ.

ಈಗ ಒಬ್ಬ ಆಟಗಾರ ಯಾವಾಗಲೂ ಸಹಜ ಬದಿಗೇ ಒದೆಯುತ್ತಾನೆ ಎಂದುಕೊಳ್ಳಿ. ಕೀಪರ್ ಅಲ್ಲಿಗೇ ಹಾರುತ್ತಾನೆ, ಫಲ 70. ಕೀಪರ್ ಸದಾ ಅಲ್ಲಿಗೇ ಹಾರುವುದಾದರೆ ಒದೆಯುವವನು ಎದುರು ಬದಿಗೆ ತಿರುಗುತ್ತಾನೆ, ಫಲ 95. ಇದನ್ನು ಕಂಡ ಕೀಪರ್ ಎದುರು ಬದಿಗೆ ಬರುತ್ತಾನೆ, ಫಲ 58ಕ್ಕೆ ಇಳಿಯುತ್ತದೆ. ಆಗ ಒದೆಯುವವನು ಮತ್ತೆ ಸಹಜ ಬದಿಗೆ, ಫಲ 93. ಕೀಪರ್ ಮತ್ತೆ ಅವನ ಹಿಂದೆ. ನಾಲ್ಕು ಮನೆಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದೆವು. ಪ್ರತಿ ಮನೆಯಲ್ಲೂ ಇಬ್ಬರಲ್ಲಿ ಒಬ್ಬನಿಗೆ ಅಲ್ಲಿಂದ ಕದಲಿದರೆ ಲಾಭ. ಯಾರೂ ಕದಲಲು ಬಯಸದ ಮನೆ ಒಂದೂ ಇಲ್ಲ, ಅಂದರೆ ಶುದ್ಧ ತಂತ್ರದಲ್ಲಿ ಸಮತೋಲನವಿಲ್ಲ. ಇಂಥ ಆಟದಲ್ಲೂ ಒಂದು ಖಚಿತವಾದ ಉತ್ತರ ಇದ್ದೇ ಇರುತ್ತದೆಂದು ಜಾನ್ ವಾನ್ ನಾಯ್ಮನ್ 1928ರಲ್ಲಿ ಸಾಧಿಸಿ ತೋರಿಸಿದರು. ಆದರೆ ಆ ಉತ್ತರ ಒಂದು ಬದಿಯ ಹೆಸರಲ್ಲ, ಒಂದು ಪ್ರಮಾಣ. ಯಾವ ಬದಿಗೆ ಎಷ್ಟು ಪಾಲು ಎಂಬ ಈ ಹಂಚಿಕೆಯನ್ನೇ ಮಿಶ್ರ ತಂತ್ರ ಎನ್ನುತ್ತಾರೆ.

ಆ ಪಾಲನ್ನು ಕಂಡುಹಿಡಿಯಲು ಒದೆಯುವವನು ಕೀಪರ್‌ನ ತಲೆಯೊಳಗೆ ಕುಳಿತು ಯೋಚಿಸಬೇಕು. ಚೆಂಡು ಎದುರು ಬದಿಗೆ ಬಂದಾಗ ಕೀಪರ್ ಅಲ್ಲಿಗೇ ಹಾರಿದ್ದರೆ ಗೋಲಿನ ಸಂಭವ 95ರಿಂದ 58ಕ್ಕೆ ಬೀಳುತ್ತದೆ. ಸರಿಯಾಗಿ ಊಹಿಸಿದ್ದಕ್ಕೆ ಅವನಿಗೆ ಸಿಗುವ ಲಾಭ 37. ಚೆಂಡು ಸಹಜ ಬದಿಗೆ ಬಂದಾಗ ಸರಿಯಾದ ಊಹೆ ಅದನ್ನು 93ರಿಂದ 70ಕ್ಕೆ ಇಳಿಸುತ್ತದೆ, ಲಾಭ 23. ಎದುರು ಬದಿಗೆ ಬರುವ ಒದೆತಗಳ ಪಾಲು p ಆಗಿದ್ದರೆ, ಈ ಎರಡು ಲಾಭಗಳು ಸರಿತೂಗಬೇಕು:

37 × p = 23 × (1 − p)

ಇದರಿಂದ p = 23/60, ಅಂದರೆ ನೂರಕ್ಕೆ ಸುಮಾರು 38. ಅರವತ್ತು ಪೆನಾಲ್ಟಿಗಳಲ್ಲಿ ಇಪ್ಪತ್ಮೂರು ಎದುರು ಬದಿಗೆ, ಮೂವತ್ತೇಳು ಸಹಜ ಬದಿಗೆ. ಹೀಗೆ ಒದೆಯುವವನ ಮುಂದೆ ನಿಂತ ಕೀಪರ್‌ಗೆ ಯಾವ ಬದಿಗೆ ಹಾರಿದರೂ ಒಂದೇ. ಅವನಿಗೆ ಆಯ್ಕೆ ಉಂಟು, ಆಯ್ಕೆಯಿಂದ ಪ್ರಯೋಜನವಿಲ್ಲ.

ಕೀಪರ್ ತನ್ನ ಪಾಲನ್ನು ಹುಡುಕುವುದೂ ಇದೇ ರೀತಿ, ಈ ಸಲ ಒದೆಯುವವನ ತಲೆಯೊಳಗೆ ಕುಳಿತು. ಕೀಪರ್ ಸಹಜ ಬದಿಗೆ ಹಾರಿದಾಗ ಎದುರು ಬದಿಗೆ ಒದೆಯುವುದರಿಂದ 25 ಹೆಚ್ಚು ಸಿಗುತ್ತದೆ (70ರ ಬದಲು 95). ಕೀಪರ್ ಎದುರು ಬದಿಗೆ ಹಾರಿದಾಗ ಸಹಜ ಬದಿಗೆ ಒದೆಯುವುದರಿಂದ 35 ಹೆಚ್ಚು (58ರ ಬದಲು 93). ಕೀಪರ್ ಎದುರು ಬದಿಗೆ ಹಾರುವ ಪಾಲು q ಆದರೆ 35 × q = 25 × (1 − q). ಉತ್ತರ 25/60, ನೂರಕ್ಕೆ ಸುಮಾರು 42.

ಲೆಕ್ಕ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಸುಲಭ. ಈ ಕೀಪರ್ ಎದುರು ನಿಂತವನು ಎದುರು ಬದಿಗೇ ಒದ್ದರೆ ಸರಾಸರಿ 79.6, ಸಹಜ ಬದಿಗೇ ಒದ್ದರೂ 79.6. ಎರಡೂ ಒಂದೇ ಬರದಿದ್ದರೆ ಎಲ್ಲೋ ಕೂಡಿಸಿ ಕಳೆಯುವುದರಲ್ಲಿ ತಪ್ಪಾಗಿದೆ. ಉತ್ತರ ಸೊನ್ನೆಗಿಂತ ಕಡಿಮೆ ಅಥವಾ ಒಂದಕ್ಕಿಂತ ಹೆಚ್ಚು ಬಂದರೆ ಅದು ಬೇರೆ ಸೂಚನೆ. ಕೋಷ್ಟಕದ 70ರ ಜಾಗದಲ್ಲಿ 96 ಇಟ್ಟು ನೋಡಿ, p ಋಣಸಂಖ್ಯೆಯಾಗುತ್ತದೆ. ಕೀಪರ್ ಏನೇ ಮಾಡಲಿ ಸಹಜ ಬದಿಯೇ ಮೇಲು ಎಂದು ಅದು ಹೇಳುತ್ತಿದೆ. ಅಲ್ಲಿ ಬೆರೆಸುವ ಪ್ರಶ್ನೆಯೇ ಇಲ್ಲ, ಈ ಸೂತ್ರವನ್ನು ಅಲ್ಲಿ ಬಳಸಲೂ ಬಾರದು.

ಇಲ್ಲಿ ಬಹಳ ಮಂದಿ ಒಂದು ಪ್ರಶ್ನೆ ಎತ್ತುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಎರಡು ಬದಿಗಳಿಂದಲೂ 79.6 ಬರುವುದಾದರೆ 23/60ಕ್ಕೆ ಅಂಟಿಕೊಳ್ಳುವುದೇಕೆ? ಮನಸ್ಸಿಗೆ ಬಂದಂತೆ ಒದೆಯಬಹುದಲ್ಲ? ಈ ಒಂದು ಒದೆತದ ಮಟ್ಟಿಗೆ ನಷ್ಟವೇನೂ ಇಲ್ಲ, ನಿಜ. ನಷ್ಟ ಬರುವುದು ಕೀಪರ್‌ಗೆ ಅಭ್ಯಾಸ ತಿಳಿದಾಗ. ಅರ್ಧಕ್ಕರ್ಧ ಹಂಚುವವನನ್ನು ತೆಗೆದುಕೊಳ್ಳಿ. ಅವನ ವಿರುದ್ಧ ಕೀಪರ್ ಪ್ರತಿ ಸಲ ಎದುರು ಬದಿಗೆ ಹಾರಿದರೆ ಸಾಕು, ಸಫಲತೆ 58 ಮತ್ತು 93ರ ಸರಾಸರಿಗೆ, ಅಂದರೆ 75.5ಕ್ಕೆ ಕುಸಿಯುತ್ತದೆ. ಎದುರು ಬದಿಯನ್ನು ನೂರಕ್ಕೆ 30ಕ್ಕೆ ಇಳಿಸಿದವನ ವಿರುದ್ಧ ಕೀಪರ್ ಸಹಜ ಬದಿಗೇ ಹಾರಿದರೆ 77.5. ಸರಿಯಾದ ಪಾಲಿನಲ್ಲಿ ಒದೆಯುವವನಿಗೆ ಮಾತ್ರ, ಅವನ ಹಂಚಿಕೆಯನ್ನು ಕೀಪರ್ ಮೊದಲೇ ತಿಳಿದಿದ್ದರೂ, 79.6 ಉಳಿಯುತ್ತದೆ. ಅರ್ಧಕ್ಕರ್ಧ ಹಂಚಿದರೆ ಕೀಪರ್‌ಗೆ ಏನೂ ತಿಳಿಯದು ಎಂಬ ನಂಬಿಕೆ ಎಷ್ಟು ದುಬಾರಿ ಎಂದೂ ಇಲ್ಲಿ ಕಾಣುತ್ತದೆ.

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದರ ಮುಂದಿನ ಹೆಜ್ಜೆ. ನಮ್ಮ ಆಟಗಾರ ತನ್ನ ದುರ್ಬಲ ಬದಿಯನ್ನು ತಿದ್ದಿಕೊಳ್ಳಲು ಕಷ್ಟಪಟ್ಟು ಅಭ್ಯಾಸ ಮಾಡಿದ ಎನ್ನಿ. ಕೀಪರ್ ತಪ್ಪು ಬದಿಗೆ ಹಾರಿದಾಗ ಎದುರು ಬದಿಯಲ್ಲಿ 95 ಸಿಗುತ್ತಿತ್ತು, ಈಗ 99 ಸಿಗುತ್ತದೆ. ಉಳಿದ ಮೂರು ಮನೆಗಳು ಇದ್ದಂತೆಯೇ ಇವೆ. ಇನ್ನು ಆ ಬದಿಗೆ ಹೆಚ್ಚು ಸಲ ಒದೆಯಬೇಕೆಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಮಾಡಿ ನೋಡಿ: ಎದುರು ಬದಿಯಲ್ಲಿ ಕೀಪರ್‌ನ ಸರಿ ಊಹೆಯ ಲಾಭ ಈಗ 99ರಿಂದ 58ಕ್ಕೆ, ಅಂದರೆ 41. ಸಮೀಕರಣ 41 × p = 23 × (1 − p), ಉತ್ತರ 23/64, ನೂರಕ್ಕೆ 36. ಕೌಶಲ ಹೆಚ್ಚಿದ ಬದಿಗೆ ಒದೆತ ಕಡಿಮೆಯಾಯಿತು!

ಕಾರಣ ಕೀಪರ್‌ನಲ್ಲಿದೆ. ಆ ಬದಿಯನ್ನು ಬಿಟ್ಟುಕೊಟ್ಟರೆ ಆಗುವ ನಷ್ಟ ಅವನಿಗೆ ಮೊದಲಿಗಿಂತ ದೊಡ್ಡದು, ಆದ್ದರಿಂದ ಅವನನ್ನು ಅತ್ತ ಸೆಳೆಯಲು ಕಡಿಮೆ ಒದೆತಗಳೇ ಸಾಕು. ಅವನು ಎದುರು ಬದಿಗೆ ಹಾರುವ ಪಾಲು 42ರಿಂದ 45ಕ್ಕೆ ಏರುತ್ತದೆ. ಅತ್ತ ಅವನು ವಾಲಿದಷ್ಟೂ ಸಹಜ ಬದಿ ಖಾಲಿ ಬೀಳುತ್ತದೆ. ಒಟ್ಟು ಸಫಲತೆ 79.6ರಿಂದ 80.4ಕ್ಕೆ ಹೋಗುತ್ತದೆ, ಅಭ್ಯಾಸದ ಫಲ ಸಿಕ್ಕೇ ಸಿಗುತ್ತದೆ. ಆದರೆ ಅದರ ಒಂದು ಪಾಲು ಅಭ್ಯಾಸ ಮಾಡದ ಬದಿಯ ಮೂಲಕ ಬರುತ್ತದೆ. ಒಬ್ಬ ಆಟಗಾರ ಯಾವ ಬದಿಗೆ ಹೆಚ್ಚು ಒದೆಯುತ್ತಾನೆ ಎಂಬುದನ್ನಷ್ಟೇ ನೋಡಿ ಅವನ ಯಾವ ಬದಿ ಸುಧಾರಿಸಿದೆ ಎಂದು ತೀರ್ಮಾನಿಸುವ ವೀಕ್ಷಕ ವಿವರಣೆಕಾರರು ಇದನ್ನು ಗಮನಿಸಬೇಕು. ಕೀಪರ್ ಸರಿಯಾಗಿ ಹಾರಿದಾಗಲೂ ದಕ್ಕುವ ಒದೆತವನ್ನು, ಅಂದರೆ 58ರ ಮನೆಯನ್ನು, 70ಕ್ಕೆ ಏರಿಸಿಕೊಂಡಿದ್ದರೆ ಮಾತ್ರ ಕಥೆ ಬೇರೆ. ಆಗ p 23/48 ಆಗುತ್ತದೆ, ನೂರಕ್ಕೆ 48. ಒಂದೇ ಬದಿಯ ಎರಡು ಬಗೆಯ ಸುಧಾರಣೆ, ಪಾಲು ಸರಿಯುವುದು ವಿರುದ್ಧ ದಿಕ್ಕುಗಳಿಗೆ.

ನಿಜವಾದ ಆಟಗಾರರು ಹೀಗೆ ಆಡುತ್ತಾರೆಯೇ? ದಶಮಾಂಶ ಉಳಿಸಿಕೊಂಡ ಲೆಕ್ಕದ ಪ್ರಕಾರ ಎದುರು ಬದಿಗೆ ಒದೆತ ನೂರಕ್ಕೆ 38.54 ಇರಬೇಕಿತ್ತು, ಪಲಾಸಿಯೊಸ್-ವೆರ್ತಾ ಎಣಿಸಿದಾಗ ಸಿಕ್ಕಿದ್ದು 39.98. ಕೀಪರ್‌ಗಳು 41.99 ಸಲ ಅತ್ತ ಹಾರಬೇಕಿತ್ತು, ಹಾರಿದ್ದು 42.31. ಆದರೆ ಎಲ್ಲರನ್ನೂ ಒಟ್ಟುಗೂಡಿಸಿದ ಸರಾಸರಿ ಮೋಸ ಮಾಡಬಲ್ಲದು. ಒಬ್ಬ ಸದಾ ಒಂದೇ ಬದಿಗೆ, ಇನ್ನೊಬ್ಬ ಸದಾ ಇನ್ನೊಂದು ಬದಿಗೆ ಒದ್ದರೂ ಒಟ್ಟು ಪಾಲು ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಅವರು ಹೆಚ್ಚು ಪೆನಾಲ್ಟಿ ಕಂಡ 22 ಒದೆಯುವವರನ್ನೂ 20 ಕೀಪರ್‌ಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಇಲ್ಲಿ ಕೇಳಬೇಕಾದ ಪ್ರಶ್ನೆ, ಒಬ್ಬನೇ ಆಟಗಾರನ ಎರಡು ಬದಿಗಳ ಸಫಲತೆ ಸಮವಾಗಿದೆಯೇ ಎಂಬುದು. ಒಂದು ಬದಿ ಸ್ಪಷ್ಟವಾಗಿ ಹೆಚ್ಚು ಗೋಲು ತರುತ್ತಿದ್ದರೆ ಅವನು ಅದನ್ನು ಸಾಕಷ್ಟು ಬಳಸುತ್ತಿಲ್ಲವೆಂದರ್ಥ. ಬಹುಪಾಲು ಆಟಗಾರರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೇ ಪರೀಕ್ಷೆ ಇನ್ನೂ ಕಠಿಣ. ಪಾಲು ಸರಿಯಿದ್ದರೆ ಸಾಲದು, ಕ್ರಮದಲ್ಲೂ ಸುಳಿವು ಇರಬಾರದು. ಈ ಸಲದ ಬದಿಗೂ ಹೋದ ಸಲದ ಬದಿಗೂ ಸಂಬಂಧವೇ ಇರಬಾರದು. ಮನುಷ್ಯರು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಎರಡು ಸಲ ಒಂದೇ ಕಡೆ ಒದ್ದವನಿಗೆ ಮೂರನೆಯದನ್ನು ಬದಲಿಸಬೇಕೆಂಬ ಒತ್ತಡ ಒಳಗಿನಿಂದಲೇ ಹುಟ್ಟುತ್ತದೆ. ಮಾರ್ಕ್ ವಾಕರ್ ಮತ್ತು ಜಾನ್ ವೂಡರ್ಸ್ ಟೆನಿಸ್‌ನ ದೊಡ್ಡ ಪಂದ್ಯಗಳ ಸರ್ವ್‌ಗಳನ್ನು ಪರಿಶೀಲಿಸಿ 2001ರಲ್ಲಿ ಬರೆದದ್ದು ಇದನ್ನೇ: ಎಡಕ್ಕೂ ಬಲಕ್ಕೂ ಮಾಡಿದ ಸರ್ವ್‌ಗಳಲ್ಲಿ ಗೆಲುವಿನ ಪ್ರಮಾಣ ಸಮವಾಗಿತ್ತು, ಆದರೆ ಆಟಗಾರರು ಬದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಬದಲಿಸುತ್ತಿದ್ದರು. ಪೆನಾಲ್ಟಿ ಒದೆಯುವವರಲ್ಲಿ ಆ ದೋಷ ಕಾಣಲಿಲ್ಲ. ಎರಡು ಸರ್ವ್‌ಗಳ ನಡುವೆ ಸೆಕೆಂಡುಗಳ ಅಂತರ, ಎರಡು ಪೆನಾಲ್ಟಿಗಳ ನಡುವೆ ವಾರಗಳ ಅಂತರ. ಹಿಂದಿನ ಬದಿಯ ನೆನಪು ಅಷ್ಟರಲ್ಲಿ ಮಾಸುವುದೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ.

ನಾಲ್ಕು ಮನೆಗಳ ಈ ಚಿತ್ರಕ್ಕೆ ಹೊರಗುಳಿದದ್ದೂ ಇದೆ. ನೇರ ಮಧ್ಯಕ್ಕೆ ಒದೆಯುವವರುಂಟು, ಅದನ್ನು ಸೇರಿಸಿದರೆ ಮೂರು ಸಾಲು, ಮೂರು ಕಂಬದ ಕೋಷ್ಟಕ ಬೇಕು. ಕೋಷ್ಟಕದ ಅಂಕಿಗಳೂ ಅನೇಕರ ಸರಾಸರಿ. ಎರಡೂ ಬದಿಗೆ ಸಮವಾಗಿ ಒದೆಯಬಲ್ಲವನ 23/60 ಬೇರೆಯೇ ಇರುತ್ತದೆ, ಒಬ್ಬನ ಸ್ವಂತ ಕೋಷ್ಟಕ ತುಂಬುವಷ್ಟು ಪೆನಾಲ್ಟಿಗಳು ಇಡೀ ವೃತ್ತಿಜೀವನದಲ್ಲೂ ಸಿಗುವುದು ಅಪರೂಪ. ಇನ್ನು, ಓಡಿ ಬರುತ್ತಾ ನಡುವೆ ತಡೆದು, ಕೀಪರ್ ಯಾವ ಕಡೆ ವಾಲಿದನೆಂದು ನೋಡಿ ಕೊನೆಯ ಗಳಿಗೆಯಲ್ಲಿ ಬದಿ ಆರಿಸುವವರಿದ್ದಾರೆ. ಅವರ ವಿಷಯದಲ್ಲಿ ಇಬ್ಬರೂ ಏಕಕಾಲಕ್ಕೆ ನಿರ್ಧರಿಸುತ್ತಾರೆಂಬ ಆಧಾರವೇ ಕಳಚುತ್ತದೆ. ಅಂಥವನ ಎದುರು ಬೇಗ ಹಾರುವ ಕೀಪರ್ ಯಾವ ಪಾಲಿನಲ್ಲಿ ಬೆರೆಸಿದರೂ ಉಪಯೋಗವಿಲ್ಲ, ಅವನು ಹಾರುವುದನ್ನೇ ತಡಮಾಡಬೇಕು. ತಡಮಾಡಿದರೆ ಜೋರಾದ ಒದೆತಕ್ಕೆ ಕೈ ಎಟುಕುವುದಿಲ್ಲ. ಕೀಪರ್‌ನ ಮೇಲೆ ಕಣ್ಣಿಟ್ಟು ಒದೆಯುವವನ ಚೆಂಡಿಗೂ ಅಷ್ಟು ಜೋರು ಬರುವುದಿಲ್ಲ. ಹೀಗೆ ಬೇಗವೋ ತಡವೋ ಎಂಬುದು ಕೀಪರ್‌ಗೂ, ಜೋರೋ ನೋಡಿಯೋ ಎಂಬುದು ಒದೆಯುವವನಿಗೂ ಎರಡೆರಡು ದಾರಿಗಳಾಗಿ ಮತ್ತೊಂದು ನಾಲ್ಕು ಮನೆಗಳ ಕೋಷ್ಟಕ ಹುಟ್ಟುತ್ತದೆ. ಅದರಲ್ಲೂ ಒಬ್ಬನನ್ನೊಬ್ಬ ಅಟ್ಟುವ ಸುತ್ತು ನಿಲ್ಲುವುದಿಲ್ಲ.