ಎಲೆಯಿಂದ ಹಿಂದಕ್ಕೆ ಎಣಿಸುವ ಭಟ್ಟರು

ಗೃಹಪ್ರವೇಶದ ಮನೆ. 50 ಎಲೆಯ ಒಂದೇ ಪಂಕ್ತಿ, ಊಟ 12.30ಕ್ಕೆ. ಹಿತ್ತಿಲಲ್ಲಿ ಇರುವುದು ಮೂರು ಒಲೆ. ಆಗಬೇಕಾದದ್ದು ಅನ್ನ, ತೊವ್ವೆ, ಸಾರು, ಹುಳಿ, ಪಲ್ಯ, ಕೋಸಂಬರಿ, ಆಂಬೊಡೆ, ಶ್ಯಾವಿಗೆ ಪಾಯಸ. ಎಲ್ಲವನ್ನೂ ಒಟ್ಟಿಗೆ ಇಳಿಸುತ್ತೇನೆಂದು ಹೊರಟವರಿಗೆ ಒಲೆ ಸಾಲುವುದಿಲ್ಲ. ಪಳಗಿದ ಅಡುಗೆ ಭಟ್ಟರು ಆ ಹಟಕ್ಕೆ ಬೀಳದೆ, ಯಾವ ಪದಾರ್ಥ ಎಷ್ಟು ಹೊತ್ತು ಕಾಯಬಲ್ಲದು ಎಂದು ಎಲೆಯಿಂದ ಹಿಂದಕ್ಕೆ ಎಣಿಸುತ್ತಾರೆ.

ಹುಳಿಗೆ ತಾಳ್ಮೆ ಹೆಚ್ಚು. ಬೆಳಿಗ್ಗೆ ಒಂಬತ್ತೂವರೆಗೆ ಬೇಳೆ ಒಲೆಗೇರಿದರೆ 11ರ ಹೊತ್ತಿಗೆ ಹುಳಿ ಇಳಿಯುತ್ತದೆ. ಬಾಯಿತುಂಬ ತುಂಬಿದ ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿಟ್ಟರೆ ಪಂಕ್ತಿಯವರೆಗೂ ಬಿಸಿ ಉಳಿಯುತ್ತದೆ, ತರಕಾರಿಗೆ ಉಪ್ಪು ಹುಳಿಯೂ ಹಿಡಿಯುತ್ತದೆ. ಅದೇ ಹುಳಿಯನ್ನು ಬಡಿಸುವ ಬಕೆಟ್ಟಿಗೆ ಮೊದಲೇ ಸುರಿದಿಟ್ಟರೆ ಬೇಗ ಆರುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ನಿಂತ ಹುಳಿ ಗಟ್ಟಿಯಾಗುತ್ತದೆ. ಅದಕ್ಕೆ ಕುದಿಯುವ ನೀರನ್ನೇ ಬೆರೆಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಇನ್ನೊಂದು ಕುದಿ ಬರಿಸಬೇಕು. ಶ್ಯಾವಿಗೆಯೂ ನಿಂತಷ್ಟೂ ಹಾಲು ಹೀರುತ್ತದೆ. ಹಾಗಾಗಿ ಪಾಯಸವನ್ನು ಬೇಕಾದದ್ದಕ್ಕಿಂತ ತುಸು ತೆಳ್ಳಗೆ ಇಳಿಸುತ್ತಾರೆ. ತೊವ್ವೆ, ಸಾರು, ಪಲ್ಯಗಳದು ನಡುವಿನ ಸರದಿ, ದೊಡ್ಡ ತಕರಾರಿಲ್ಲ.

ತಕರಾರು ಆಂಬೊಡೆಯದು. ರುಬ್ಬಿದ ಕಡಲೆಬೇಳೆಗೆ ಉಪ್ಪು ಮೊದಲೇ ಬಿದ್ದರೆ ನೀರು ಬಿಡುತ್ತದೆ, ತಟ್ಟಿದ್ದು ಎಣ್ಣೆಯಲ್ಲಿ ಒಡೆಯುತ್ತದೆ. ಕರಿದ ಬಿಸಿಯಲ್ಲೇ ಮುಚ್ಚಿಟ್ಟರೆ ತನ್ನ ಹಬೆಗೇ ಮೆತ್ತಗಾಗುತ್ತದೆ. ಆದ್ದರಿಂದ 12 ಗಂಟೆಗೆ ಉಪ್ಪು ಬೆರೆಸಿ, ಬಾಣಲೆ ಇಟ್ಟು, ಕರಿದದ್ದನ್ನು ಬುಟ್ಟಿಯಲ್ಲಿ ಗಾಳಿಯಾಡುವಂತೆ ಹರಡುತ್ತಾರೆ. ಕೋಸಂಬರಿಗೂ ಉಪ್ಪು, ನಿಂಬೆರಸ ಕೊನೇ ಗಳಿಗೆಯಲ್ಲೇ. ಇಲ್ಲದಿದ್ದರೆ ಸೌತೆಕಾಯಿ ನೀರು ಎಲೆಯ ತುಂಬ ಹರಿಯುತ್ತದೆ.

ಇನ್ನು ಅನ್ನ. ಬಾಳೆಎಲೆಯ ಬಡಿಸುವ ಕ್ರಮವೇ ಇಲ್ಲಿ ಭಟ್ಟರ ನೆರವಿಗೆ ಬರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಮೊದಲು ಎಲೆಗೆ ಬರುವಂಥವು, ಆರಿದರೂ ನಡೆಯುತ್ತದೆ. 50 ಎಲೆಗೆ ಇವನ್ನು ಬಡಿಸಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷವಾದರೂ ಸಿಗುತ್ತದೆ. ಎಲೆ ಹಾಕುವಾಗ ಬಸಿದ ಅನ್ನ ಅಷ್ಟರಲ್ಲಿ ಉದುರುದುರಾಗಿ, ಹಬೆಯಾಡುತ್ತಲೇ ತೊವ್ವೆ ತುಪ್ಪದ ಜೊತೆ ಬರುತ್ತದೆ.

ಪೂಜೆ ಅರ್ಧ ಗಂಟೆ ತಡವಾದರೆ? ತಡವಾಗದ ಪೂಜೆ ಅಪರೂಪ ಬಿಡಿ. ಹುಳಿ, ಸಾರು ಸಣ್ಣ ಉರಿಯಲ್ಲಿ ಕಾಯುತ್ತವೆ. ಅನ್ನ, ಆಂಬೊಡೆ ಕಾಯುವುದಿಲ್ಲ. ಅದಕ್ಕೇ ಭಟ್ಟರು ಆಗಾಗ ಒಬ್ಬ ಹುಡುಗನನ್ನು ಒಳಗೆ ಅಟ್ಟುತ್ತಿರುತ್ತಾರೆ. ಪೂರ್ಣಾಹುತಿ ಆಯಿತೆಂದು ಅವನು ಬಂದು ಹೇಳಿದ ಮೇಲೆಯೇ ಅಕ್ಕಿ ಎಸರಿಗೆ ಬೀಳುತ್ತದೆ.